ಮೈದಾ ಇಲ್ಲದ ಕೇಕು: ಮೊಟ್ಟೆಯ ತೂಕದಿಂದ ಶುರು ಮಾಡಿ, ನಾಲ್ಕು ಭಾನುವಾರದ ಲೆಕ್ಕ

ಅಕ್ಕನ ಮಗಳು ಪುಟ್ಟಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಗಿ ಈಗ ಒಂದೂವರೆ ವರ್ಷ. ಗೋಧಿ, ಮೈದಾ, ರವೆ, ಶ್ಯಾವಿಗೆ, ಬಾರ್ಲಿ ಯಾವುದೂ ಅವಳ ಹೊಟ್ಟೆಗೆ ಸೇರಬಾರದು. ಊಟ ತಿಂಡಿಗೆ ನಮ್ಮ ಕಡೆ ಅಂಥ ತೊಂದರೆ ಇಲ್ಲ. ಅಕ್ಕಿ, ರಾಗಿ, ಜೋಳ ಇದ್ದೇ ಇದೆ. ಕಷ್ಟ ಆಗುವುದು ಹುಟ್ಟುಹಬ್ಬದ ದಿನ. ಜನವರಿ ಕೊನೆಯಲ್ಲಿ ಅವಳಿಗೆ ಒಂಬತ್ತು ತುಂಬುತ್ತದೆ. ಹೋದ ವರ್ಷ ಕೇಸರಿಬಾತೂ ಆಗಲ್ಲ, ಕೇಕೂ ಆಗಲ್ಲ ಅಂತ ಹಲ್ವಾ ತಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿದ್ದೆವು. ಈ ಸಲ ಕೇಕು ಮಾಡಿಯೇ ತೀರಬೇಕು ಅಂತ ಜನವರಿ ಮೊದಲ ವಾರ ನಿರ್ಧರಿಸಿದೆ. ಕೈಯಲ್ಲಿ ನಾಲ್ಕು ಭಾನುವಾರ ಇತ್ತು.

ಅಕ್ಕಿಹಿಟ್ಟಿನಲ್ಲಿ ಮಾಡಬಹುದಿತ್ತು. ಆದರೆ ಅಂಗಡಿಯ ಅಕ್ಕಿಹಿಟ್ಟು ಯಾವ ಗಿರಣಿಯಲ್ಲಿ, ಯಾವುದರ ಹಿಂದೆ ಬೀಸಿದ್ದು ಅಂತ ಹೇಳುವವರಿಲ್ಲ. ಆದ್ದರಿಂದ ಹಿಟ್ಟೇ ಬೇಡ ಅನ್ನಿಸಿತು. ಚಾಕೊಲೇಟು, ಬೆಣ್ಣೆ, ಸಕ್ಕರೆ, ಮೊಟ್ಟೆ, ಈ ನಾಲ್ಕೇ ಸಾಮಾನಿನ ಕೇಕು.

ಅಮ್ಮನ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ. "ಮೊಟ್ಟೆ ಇಲ್ದೆ ಆಗಲ್ವೇನೇ? ಬೇಕರಿಲಿ ಎಗ್‌ಲೆಸ್ ಕೊಡ್ತಾರಲ್ಲ?"

ಬೇಕರಿಯವರ ಎಗ್‌ಲೆಸ್ ಕೇಕು ನಿಲ್ಲುವುದು ಮೈದಾದಿಂದ. ಮೈದಾದಲ್ಲಿರುವ ಪಿಷ್ಟ ನೀರು ಹೀರಿ ಉಬ್ಬಿ, ಬಿಸಿಗೆ ಗಂಜಿಯ ಹಾಗೆ ಕಟ್ಟಿಕೊಂಡು ಗೋಡೆ ಆಗುತ್ತದೆ. ಅದರಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್, ಪುಟ್ಟಿಗೆ ಆಗದಿರುವುದು ಅದೇ, ಬಲೆ ಹಾಗೆ ಹಿಡಿದುಕೊಳ್ಳುತ್ತದೆ. ಮೊಸರು, ಮಿಲ್ಕ್‌ಮೇಡ್ ಬರೀ ಜೊತೆಗಾರರು. ಮೈದಾ ತೆಗೆದ ಮೇಲೆ ಗೋಡೆ ಕಟ್ಟಲು ಉಳಿಯುವುದು ಮೊಟ್ಟೆಯ ಪ್ರೋಟೀನ್ ಒಂದೇ. ಅಗಸೆಬೀಜ ನೆನೆಸಿದ ಲೋಳೆ ಅಂಟು ಕೊಡುತ್ತದೆ, ಆದರೆ ಬಿಸಿ ತಾಗಿದಾಗ ಮೊಟ್ಟೆಯ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೈದಾ, ಮೊಟ್ಟೆ ಎರಡನ್ನೂ ಬಿಟ್ಟರೆ ಬೇಯುವುದು ಚಾಕೊಲೇಟು ಸಾರು. ಅಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ: ಎಲ್ಲ ಕೆಲಸ ಹಿಂದಿನ ಯುಟಿಲಿಟಿಯಲ್ಲಿ, ಒಲೆ ಕಟ್ಟೆಯ ಮೇಲೆ ಒಂದು ಮೊಟ್ಟೆಯೂ ಕಾಣಬಾರದು. ಓಟಿಜಿ ಅನ್ನುವ ಸಣ್ಣ ಕರೆಂಟ್ ಒಲೆಯನ್ನು ವಾಷಿಂಗ್ ಮೆಷಿನ್ ಪಕ್ಕದ ಕಲ್ಲಿನ ಮೇಲೆ ಇಟ್ಟುಕೊಂಡೆ.

ಮೊದಲ ಭಾನುವಾರ

ಹೊರದೇಶದ ಒಂದು ಪಾಕವಿಧಾನ ಬರೆದಿಟ್ಟುಕೊಂಡಿದ್ದೆ. ಏಳು ಇಂಚಿನ ಟಿನ್ನಿಗೆ 4 ಮೊಟ್ಟೆ, 160 ಗ್ರಾಂ ಡಾರ್ಕ್ ಚಾಕೊಲೇಟು, 100 ಗ್ರಾಂ ಬೆಣ್ಣೆ, 110 ಗ್ರಾಂ ಸಕ್ಕರೆ. ಚಾಕೊಲೇಟು ಬೆಣ್ಣೆ ಕರಗಿಸಿ, ಹಳದಿ ಬೆರೆಸಿ, ಬಿಳಿಯನ್ನು ನೊರೆ ಬರುವಂತೆ ಕಡೆದು ಸೇರಿಸಿ ಬೇಯಿಸುವುದು. ಅದರಂತೆಯೇ ಮಾಡಿದೆ. ಹೊರಗೆ ಬಂದದ್ದು ನಡುವೆ ತೊಳಸಿದ ಹಲ್ವಾದ ಹಾಗೆ, ಸುತ್ತ ಎಣ್ಣೆ ಒಸರುತ್ತಿರುವ ಮುದ್ದೆ. ಬಟರ್ ಪೇಪರ್ ಎತ್ತಿ ನೋಡಿದರೆ ಕೆಳಗೆ ಒಂದೆರಡು ಚಮಚ ಜಿಡ್ಡು ಕೆರೆ ಕಟ್ಟಿತ್ತು. ರಾತ್ರಿಯಿಡೀ ಬಿಟ್ಟರೂ ಗಟ್ಟಿಯಾಗಲಿಲ್ಲ.

ತಪ್ಪು ಎಲ್ಲಿ ಅಂತ ಹುಡುಕಲು ಕೂತಾಗ ಎರಡು ಅನುಮಾನ ಬಂತು. ಒಂದು, ನಾನು ತಂದದ್ದು ಬೇಕರಿ ಸಾಮಾನಿನ ಅಂಗಡಿಯ ಕಾಂಪೌಂಡ್ ಗಟ್ಟಿ. ಅದು ಹೆಸರಿಗೆ ಡಾರ್ಕ್ ಚಾಕೊಲೇಟು, ಪದಾರ್ಥಗಳ ಪಟ್ಟಿ ಓದಿದರೆ ಮೊದಲು ಸಕ್ಕರೆ, ಆಮೇಲೆ ವನಸ್ಪತಿ ಜಾತಿಯ ಕೊಬ್ಬು, ಆಮೇಲೆ ಸ್ವಲ್ಪ ಕೋಕೋ ಪುಡಿ. ಕೋಕೋ ಬೆಣ್ಣೆಯ ಹೆಸರೇ ಇಲ್ಲ. ಎರಡು, ಮೊಟ್ಟೆ. ಪಾಕವಿಧಾನ ಬರೆದವರ ಊರಿನಲ್ಲಿ ದೊಡ್ಡ ಮೊಟ್ಟೆ ಅಂದರೆ ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ. ನಮ್ಮ ಬೀದಿಯ ಅಂಗಡಿಯಿಂದ ತಂದ ಒಂದು ಡಜನ್ ಮೊಟ್ಟೆಯನ್ನು ಒಂದೊಂದಾಗಿ ತೂಕಕ್ಕೆ ಹಾಕಿದೆ. ಸಿಪ್ಪೆ ಸಮೇತ 45ರಿಂದ 52 ಗ್ರಾಂ. ಸಿಪ್ಪೆಯೇ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅದನ್ನು ಕಳೆದರೆ ಒಂದು ಮೊಟ್ಟೆಗೆ ಸರಾಸರಿ 42 ಗ್ರಾಂ ಚಿಲ್ಲರೆ. ಅಂದರೆ 200 ಗ್ರಾಂ ಬೀಳಬೇಕಾದ ಕಡೆ 170 ಗ್ರಾಂ ಬಿದ್ದಿತ್ತು. ಮೈದಾ ಇರುವ ಕೇಕಿನಲ್ಲಿ ಈ 30 ಗ್ರಾಂ ಕೊರತೆ ಗೊತ್ತೇ ಆಗುವುದಿಲ್ಲ. ಇಲ್ಲಿ ಅದು ಆರು ಕಂಬದ ಮಂಟಪದಲ್ಲಿ ಒಂದು ಕಂಬ ತೆಗೆದ ಹಾಗೆ.

ಎರಡರಲ್ಲಿ ಯಾವುದು ಯಾವ ತೊಂದರೆ ಕೊಟ್ಟಿತು ಅಂತ ತಿಳಿಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಮಾರನೇ ದಿನ ಸಂಜೆ ಮೂರು ಸ್ಟೀಲ್ ಬಟ್ಟಲು ತೆಗೆದುಕೊಂಡು ಒಂದೊಂದು ಮೊಟ್ಟೆಯ ಮೂರು ಕೇಕು ಮಾಡಿದೆ. 42 ಗ್ರಾಂ ಮೊಟ್ಟೆಗೆ 34 ಗ್ರಾಂ ಚಾಕೊಲೇಟು, 21 ಗ್ರಾಂ ಬೆಣ್ಣೆ, 23 ಗ್ರಾಂ ಸಕ್ಕರೆ. ಮೂರು ಮೊಟ್ಟೆಯ ಬಿಳಿಯನ್ನು ಒಟ್ಟಿಗೇ ಕಡೆದು ತೂಕ ಮಾಡಿ ಹಂಚಿದೆ, ಇಲ್ಲದಿದ್ದರೆ ಕಡೆಯುವುದರಲ್ಲೇ ವ್ಯತ್ಯಾಸ ಬಂದುಬಿಡುತ್ತದೆ. ಮೊದಲ ಬಟ್ಟಲಿಗೆ ನಿಜವಾದ ಚಾಕೊಲೇಟು, ಪೂರ್ತಿ ಮೊಟ್ಟೆ. ಎರಡನೆಯದಕ್ಕೆ ಕಾಂಪೌಂಡ್, ಪೂರ್ತಿ ಮೊಟ್ಟೆ. ಮೂರನೆಯದಕ್ಕೆ ನಿಜವಾದ ಚಾಕೊಲೇಟು, 36 ಗ್ರಾಂ ಮೊಟ್ಟೆ.

ಹದಿನೈದು ನಿಮಿಷ ಬೇಯಿಸಿ, ತಣ್ಣಗಾದ ಮೇಲೆ ಕತ್ತರಿಸಿದಾಗ ಉತ್ತರ ಸ್ಪಷ್ಟವಾಗಿತ್ತು. ಮೊದಲನೆಯದು ಚಾಕುವಿಗೆ ಅಂಟದೆ ಕತ್ತರಿಸಿಕೊಂಡಿತು. ಕಾಂಪೌಂಡ್ ಹಾಕಿದ್ದು ತಣ್ಣಗಾದ ಮೇಲೂ ಮೆತ್ತಗೇ ಇತ್ತು, ನಾಲಿಗೆಯ ಮೇಲೆ ಮೇಣದ ಪದರ ಬಿಟ್ಟಿತು, ಸಿಹಿಯಂತೂ ವಿಪರೀತ. ಮೊಟ್ಟೆ ಕಡಿಮೆ ಹಾಕಿದ್ದು ಗಟ್ಟಿಯಾಗಿಯೇ ಇತ್ತು, ಆದರೆ ಅಂಚಿನಲ್ಲಿ ಎಣ್ಣೆಯ ಉಂಗುರ, ನಡುವೆ ಕುಸಿದ ಗುಳಿ, ಮುಟ್ಟಿದರೆ ಪುಡಿ ಪುಡಿ.

ಇದರ ಹಿಂದಿನ ಕಾರಣ ತಿಳಿದುಕೊಂಡ ಮೇಲೆ ನನಗೆ ಈ ಕೇಕು ಅರ್ಥವಾಯಿತು. ಇಲ್ಲಿ ಮೊಟ್ಟೆ ಎರಡು ಕೆಲಸ ಮಾಡುತ್ತದೆ. ಬಿಸಿಗೆ ಹೆಪ್ಪುಗಟ್ಟಿ ಗೋಡೆ ಆಗುವುದು ಒಂದು. ಹಳದಿಯಲ್ಲಿರುವ ಲೆಸಿಥಿನ್ ಕೊಬ್ಬನ್ನೂ ನೀರನ್ನೂ ಒಡೆಯದಂತೆ ಹಿಡಿದಿಡುವುದು ಇನ್ನೊಂದು. ಮೊಟ್ಟೆ ಕಡಿಮೆಯಾದರೆ ಹಿಡಿಯುವ ಕೈಯೂ ಕಡಿಮೆ, ಕೊಬ್ಬು ಹೊರಗೆ ಒಸರುತ್ತದೆ. ಪಿಷ್ಟ ಮಾಡುತ್ತಿದ್ದ ನೀರು ಹೀರುವ ಕೆಲಸವನ್ನು ಕೋಕೋದ ಕಣಗಳು ತಕ್ಕಮಟ್ಟಿಗೆ ಮಾಡುತ್ತವೆ, ಆದರೆ ಚಾಕೊಲೇಟಿನಲ್ಲಿ ಕೋಕೋ ಇದ್ದರೆ ತಾನೆ. ಇನ್ನು ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಕೆಳಗೆ ಇಳಿದಾಗ ಮತ್ತೆ ಗಟ್ಟಿಯಾಗುತ್ತದೆ. ಒಲೆಯಲ್ಲಿ ಮೊಟ್ಟೆ ಕಟ್ಟಿದ ಗೋಡೆಗೆ, ತಣ್ಣಗಾಗುವಾಗ ಕೋಕೋ ಬೆಣ್ಣೆ ಗಿಲಾವು ಮಾಡಿದ ಹಾಗೆ. ಅದಕ್ಕೇ ಈ ಕೇಕನ್ನು ಬಿಸಿಯಲ್ಲಿ ಕತ್ತರಿಸಿ ತೀರ್ಪು ಕೊಡಬಾರದು.

ಆದ್ದರಿಂದ ಅವತ್ತೇ ಪುಸ್ತಕದಲ್ಲಿ ಮೊಟ್ಟೆಯ ಸಂಖ್ಯೆ ಹೊಡೆದುಹಾಕಿ ತೂಕ ಬರೆದೆ. ಸಿಪ್ಪೆ ಬಿಟ್ಟ ಮೊಟ್ಟೆ 100 ಅಂದರೆ ಚಾಕೊಲೇಟು 80, ಬೆಣ್ಣೆ 50, ಸಕ್ಕರೆ 55. ಮೊದಲು ಮೊಟ್ಟೆ ಒಡೆದು ತೂಕ ಮಾಡು, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ.

ಎರಡನೇ ಭಾನುವಾರ

ಈ ಸಲ ಐದು ಮೊಟ್ಟೆ ಒಡೆದೆ. ಬಿಳಿ ಹಳದಿಯ ತೂಕ ಸುಮಾರಾಗಿ ಎರಡಕ್ಕೆ ಒಂದು ಇರುತ್ತದೆ. ನನಗೆ ಬಿಳಿ 142, ಹಳದಿ 70 ಗ್ರಾಂ ಸಿಕ್ಕಿತು. ಒಂದು ಚಮಚದಷ್ಟು ಬಿಳಿ ತೆಗೆದಿಟ್ಟು ಒಟ್ಟು 200 ಗ್ರಾಂಗೆ ತಂದೆ. ಚಾಕೊಲೇಟು ಶೇಕಡ 55 ಕೋಕೋ ಇರುವುದು, ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇದೆ, ವನಸ್ಪತಿ ಇಲ್ಲ. ಬೆಣ್ಣೆ ಉಪ್ಪಿಲ್ಲದ ಪ್ಯಾಕೆಟ್ಟು. ಅಮ್ಮ ಕಡೆದ ಮನೆಬೆಣ್ಣೆ ಕೊಡುತ್ತೇನೆ ಅಂದರು. ರುಚಿಗೆ ಅದರ ಮುಂದೆ ಯಾವುದೂ ಇಲ್ಲ, ಆದರೆ ಅದರಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಶೇಕಡ 80ಕ್ಕೆ ಕಡಿಮೆ ಇರುವಂತಿಲ್ಲ. ಲೆಕ್ಕದ ಕೇಕಿಗೆ ಲೆಕ್ಕದ ಬೆಣ್ಣೆಯೇ ಸರಿ.

ಎಲ್ಲ ಸರಿ ಇದ್ದೂ ಕೇಕು ಕೈಕೊಟ್ಟಿತು, ಬೇರೆ ದಾರಿಯಲ್ಲಿ. ಇಪ್ಪತ್ತು ನಿಮಿಷಕ್ಕೆ ಟಿನ್ನಿನ ಅಂಚು ದಾಟಿ ಮೂರು ಬೆರಳು ಮೇಲೆ ಬಂತು. ಅಕ್ಕ ಗಾಜಿನಲ್ಲಿ ನೋಡಿ "ಅಬ್ಬಾ, ಗೋಪುರ ಕಣೇ" ಅಂದಳು. ಮೂವತ್ತನೇ ನಿಮಿಷಕ್ಕೆ ಮೇಲ್ಪದರ ಬಿರಿದು, ಹೊರಗೆ ತೆಗೆದ ಐದೇ ನಿಮಿಷಕ್ಕೆ ಧಸಕ್ಕನೆ ಕುಸಿಯಿತು. ಕತ್ತರಿಸಿದರೆ ಮೇಲೆ ಒಣ ತೊಗಟೆ, ಅದರ ಕೆಳಗೆ ಟೊಳ್ಳು, ತಳದಲ್ಲಿ ಒದ್ದೆ ಪದರ. ನಡುನಡುವೆ ಬಿಳಿ ಚುಕ್ಕಿಗಳು, ಬೆರೆಯದೇ ಉಳಿದ ನೊರೆಯ ಮುದ್ದೆಗಳು.

ಬಿಳಿ ಚುಕ್ಕಿಯೇ ಸುಳಿವು ಕೊಟ್ಟಿತು. ನಾನು ಬಿಳಿಯನ್ನು ಪಾತ್ರೆ ತಲೆಕೆಳಗೆ ಮಾಡಿದರೂ ಬೀಳದಷ್ಟು ಗಟ್ಟಿಯಾಗಿ ಕಡೆದಿದ್ದೆ, ಪಾಕವಿಧಾನವೂ ಹಾಗೇ ಹೇಳಿತ್ತು. ಅಷ್ಟು ಗಟ್ಟಿಯಾದ ನೊರೆ ದಪ್ಪ ಚಾಕೊಲೇಟಿನ ಜೊತೆ ಬೆರೆಯುವುದಿಲ್ಲ, ತುಂಡು ತುಂಡಾಗಿ ತೇಲುತ್ತದೆ. ಬೆರೆಸಲು ಹೆಚ್ಚು ಸಲ ಕೈಯಾಡಿಸಬೇಕು, ಆಗ ಅರ್ಧ ನೊರೆ ಒಡೆಯುತ್ತದೆ. ಉಳಿದ ಗುಳ್ಳೆಗಳು ಆಗಲೇ ತಮ್ಮ ಎಲ್ಲೆಯವರೆಗೆ ಹಿಗ್ಗಿರುತ್ತವೆ, ಒಲೆಯಲ್ಲಿ ಇನ್ನೂ ಹಿಗ್ಗಲು ಜಾಗ ಇರುವುದಿಲ್ಲ.

ಇದಕ್ಕೆ ನಮ್ಮ ಊರೂ ಒಂದು ಕೈ ಜೋಡಿಸುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕಡಿಮೆ ಇದ್ದಲ್ಲಿ ಅದೇ ಗುಳ್ಳೆ ಹೆಚ್ಚು ಉಬ್ಬುತ್ತದೆ. ಮೈದಾ ಕೇಕಿಗೆ ಇದು ಅಷ್ಟು ತಟ್ಟುವುದಿಲ್ಲ, ಗೋಡೆ ದಪ್ಪ. ನೊರೆಯ ಕೇಕಿನಲ್ಲಿ ಗೋಡೆ ತೆಳ್ಳಗಿನ ಪೊರೆ. ಅದು ಹೆಪ್ಪುಗಟ್ಟುವ ಮುಂಚೆಯೇ ಉಬ್ಬಿ ಹರಿದರೆ ಗೋಪುರ ಬೀಳಲೇಬೇಕು. ಆದ್ದರಿಂದ ಇಲ್ಲಿ ಬಿಳಿಯನ್ನು ಬೀಟರ್ ಎತ್ತಿದಾಗ ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗುವಷ್ಟಕ್ಕೆ ನಿಲ್ಲಿಸಬೇಕು.

ಇನ್ನೊಂದು ಅನುಮಾನ ಓಟಿಜಿಯ ಮೇಲಿತ್ತು. ಒಲೆಯೊಳಗೆ ಇಡುವ ಸಣ್ಣ ಥರ್ಮಾಮೀಟರ್ ತಂದು ತಂತಿ ತಟ್ಟೆಯ ನಡುವೆ ಇಟ್ಟೆ. ಗುಂಡಿ 180ರಲ್ಲಿದ್ದಾಗ ಒಳಗೆ 205. ಕಂಬಿ ಕೆಂಪಾಗಿ ಆರುವಾಗ ಅದು ಕೆಳಗಿಳಿದು ಮತ್ತೆ ಏರುತ್ತದೆ, ಆದರೂ 195ಕ್ಕೆ ಕೆಳಗೆ ಬರಲೇ ಇಲ್ಲ. ಒಳಗೆ 175 ಬರಬೇಕಾದರೆ ನನ್ನ ಒಲೆಯ ಗುಂಡಿ 155ರ ಹತ್ತಿರ ಇರಬೇಕು. ಹಾಗೆಯೇ ನಡುವಿನ ಹಲ್ಲಿನಲ್ಲಿ ಇಟ್ಟಿದ್ದರಿಂದ ಉಬ್ಬಿದ ಕೇಕಿನ ತಲೆ ಮೇಲಿನ ಕಂಬಿಗೆ ತೀರಾ ಹತ್ತಿರ ಹೋಗಿತ್ತು. ತೊಗಟೆ ಬೇಗ ಗಟ್ಟಿಯಾಗಿ, ಒಳಗಿನದು ಅದನ್ನು ತಳ್ಳಿ ಒಡೆದಿತ್ತು. ಬೆಂಕಿ ಮೇಲಿನಿಂದ ಬಂದರೆ ತಳ ಒದ್ದೆಯೇ ಉಳಿಯುತ್ತದೆ.

ಮೂರನೇ ಭಾನುವಾರ

ಎಲ್ಲ ತಿದ್ದಿಕೊಂಡು ಕೂತೆ. ಹದಿನಾಲ್ಕನೇ ನಿಮಿಷಕ್ಕೆ ಕರೆಂಟ್ ಹೋಯಿತು, ಬಂದದ್ದು ಇಪ್ಪತ್ತೈದು ನಿಮಿಷದ ಮೇಲೆ. ಅಷ್ಟರಲ್ಲಿ ನೊರೆ ಕೂತು ಎರಡು ಬೆರಳು ದಪ್ಪದ ಬಿಲ್ಲೆಯಾಗಿತ್ತು.

ಬಿಳಿಯಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಓವಾಲ್ಬುಮಿನ್ ಅನ್ನುವುದು. ಬಿಳಿ 62 ಡಿಗ್ರಿಯ ಹತ್ತಿರ ಮಬ್ಬಾಗಲು ಶುರುವಾದರೂ, ಈ ಮುಖ್ಯ ಪ್ರೋಟೀನ್ ಗಟ್ಟಿಯಾಗಿ ನಿಲ್ಲುವುದು 80 ಡಿಗ್ರಿ ದಾಟಿದ ಮೇಲೆ. ಸಕ್ಕರೆ ಬೆರೆತಾಗ ಇನ್ನೂ ಸ್ವಲ್ಪ ಮೇಲೆ. ಹದಿನಾಲ್ಕು ನಿಮಿಷಕ್ಕೆ ಕೇಕಿನ ನಡುಭಾಗ ಅಲ್ಲಿಗೆ ಮುಟ್ಟಿರುವುದಿಲ್ಲ. ಆದ್ದರಿಂದ ಕೇಕು ಒಲೆಯಲ್ಲಿ ಕುಣಿದಾಡುವಾಗ ಬಾಗಿಲು ತೆಗೆದು ನೋಡುವವರೂ ಕರೆಂಟ್ ಕಳೆದುಕೊಂಡವರ ಸಾಲಿಗೇ ಸೇರುತ್ತಾರೆ.

ಹುಟ್ಟುಹಬ್ಬದ ದಿನ ಹೀಗೇ ಆದರೆ ಏನು ಗತಿ ಅಂತ ಗ್ಯಾಸಿನ ಮೇಲೆ ಮಾಡಬಹುದಾದ ಇನ್ನೊಂದು ಕೇಕನ್ನೂ ಅವತ್ತೇ ಪ್ರಯತ್ನಿಸಿದೆ. ಇದರಲ್ಲಿ ನೊರೆಯೇ ಇಲ್ಲ. ಮೊಟ್ಟೆಯನ್ನು ಗುಳ್ಳೆ ಏಳದಂತೆ ಕಲಕಿ, ಸೋಸಿ, ಕರಗಿದ ಚಾಕೊಲೇಟಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು. ಮೊಟ್ಟೆ 100ಕ್ಕೆ ಚಾಕೊಲೇಟು 110, ಬೆಣ್ಣೆ 55. ಶೇಕಡ 55ರ ಚಾಕೊಲೇಟಿನಲ್ಲಿ ಸಕ್ಕರೆ ಸಾಕಷ್ಟು ಇರುವುದರಿಂದ ಬೇರೆ ಹಾಕಲಿಲ್ಲ. ಟಿನ್ನಿನ ಬಾಯಿಗೆ ಫಾಯಿಲ್ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಸುಮಾರು ಅರ್ಧ ಗಂಟೆ. (ಪಾತ್ರೆ ನನ್ನದು, ಅಮ್ಮನದಲ್ಲ.) ಇದು ಕೇಕಿಗಿಂತ ಗಿಣ್ಣಿನ ನೆಂಟ. ಗಿಣ್ಣು ಕಟ್ಟುವುದು ಗೊತ್ತಿದ್ದವರಿಗೆ ಇದರ ಗುಟ್ಟೂ ಗೊತ್ತು: ಆವಿ ಜೋರಾದರೆ ತೂತು ಬಿದ್ದು ನೀರೊಡೆಯುತ್ತದೆ. ನಡುಭಾಗ 72 ಡಿಗ್ರಿ ಮುಟ್ಟಿ, ಅಲ್ಲಾಡಿಸಿದಾಗ ಗಟ್ಟಿ ಮೊಸರಿನ ಹಾಗೆ ನಡುಗುತ್ತಿದ್ದರೆ ಇಳಿಸಬೇಕು. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟ ಮೇಲೆ ಕತ್ತರಿಸಿದರೆ ಒಳ್ಳೆಯ ಬರ್ಫಿ. ರುಚಿ ಚೆನ್ನಾಗಿತ್ತು. ಆದರೆ ಪುಟ್ಟಿಗೆ ಬೇಕಿದ್ದದ್ದು ಉಬ್ಬಿದ ಕೇಕು, ಗೆಳತಿಯರ ಮನೆಯಲ್ಲಿ ಅವಳು ದೂರದಿಂದ ನೋಡಿ ಬಂದಂಥದ್ದು.

ಅಕ್ಕನ ತಪಾಸಣೆ

ನಾಲ್ಕನೇ ಭಾನುವಾರಕ್ಕೆ ಮುಂಚೆ ಅಕ್ಕ ಶನಿವಾರ ಸಂಜೆ ಬಂದು ನನ್ನ ಸಾಮಾನೆಲ್ಲ ಒಂದೊಂದಾಗಿ ನೋಡಿದಳು. ಕೇಕಿನ ಆಕಾರದ ತಲೆನೋವು ನನ್ನದಾದರೆ, ಮೈದಾ ಕಣದ ತಲೆನೋವು ಅವಳದು. ಗ್ಲುಟನ್ ಮುಕ್ತ ಅಂತ ಮುದ್ರಿಸಬೇಕಾದರೆ ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಅಂದರೆ ಚಿಟಿಕೆ ಮೈದಾ ಕೂಡ ಹೆಚ್ಚು.

ನನ್ನ ಟಿನ್ನು ಹಳೆಯದು. ಎಷ್ಟೋ ಕೇಕಿಗೆ ಬೆಣ್ಣೆ ಸವರಿ ಮೈದಾ ಉದುರಿಸಿದ ಟಿನ್ನು. ತಳದ ಮಡಿಕೆಯನ್ನು ಅಕ್ಕ ಪಿನ್ನಿನಿಂದ ಕೆರೆದಾಗ ಕಂದು ಬಣ್ಣದ ಪುಡಿ ಬಂತು. "ಇದು ಬೇಡ" ಅಂತ ಪಕ್ಕಕ್ಕಿಟ್ಟಳು. ಆಮೇಲೆ ಸಕ್ಕರೆ. ನಮ್ಮ ಅಂಗಡಿ ಸಕ್ಕರೆ ಹರಳು ದಪ್ಪ, ನೊರೆಯಲ್ಲಿ ಕರಗುವುದಿಲ್ಲ, ಆದ್ದರಿಂದ ಮಿಕ್ಸಿಯಲ್ಲಿ ಪುಡಿ ಮಾಡುತ್ತಿದ್ದೆ.

"ಇದೇ ಜಾರ್‌ನಲ್ಲಿ ಗೋಧಿ ಏನಾದ್ರೂ ಪುಡಿ ಮಾಡಿದ್ಯಾ?"

"ತೊಳ್ದಿದೀನಿ ಅಕ್ಕ, ಸೋಪ್ ಹಾಕಿ."

"ತೊಳೆದ್ರೆ ಸಾಲ್ದು ಕಣೇ. ವಾಷರ್ ತೆಗಿ."

ಮುಚ್ಚಳದ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿದಾಗ ಅದರ ಹಿಂದಿನ ಸಂದಿಯಲ್ಲಿ ಬೂದು ಬಣ್ಣದ ಗೆರೆ ಕಾಣಿಸಿತು. ಹೋದ ತಿಂಗಳು ಗೋಧಿ ಕಡಿ ಒಡೆದದ್ದು. ನಾನು ಮಾತಾಡಲಿಲ್ಲ. ಪುಡಿ ಸಕ್ಕರೆ ಪ್ಯಾಕೆಟ್ ತರೋಣ ಅಂದರೆ ಅದರಲ್ಲಿ ಗಂಟಾಗದಿರಲಿ ಅಂತ ಪಿಷ್ಟ ಬೆರೆಸಿರುತ್ತಾರೆ. ಸಾಮಾನ್ಯವಾಗಿ ಮೆಕ್ಕೆಜೋಳದ್ದೇ, ಆದರೂ ಪಟ್ಟಿ ಓದದೆ ತರುವಂತಿಲ್ಲ. ಕೊನೆಗೆ ಅಕ್ಕ ತನ್ನ ಮನೆಯ ಜಾರಿನಲ್ಲೇ ಪುಡಿ ಮಾಡಿ ಡಬ್ಬಿಯಲ್ಲಿ ಕಳಿಸಿದಳು. ಅವಳ ಮನೆಯಲ್ಲಿ ಈಗ ಗೋಧಿಯ ಪ್ರವೇಶವೇ ಇಲ್ಲ. ಮೊದಲ ಆರು ತಿಂಗಳು ಎಷ್ಟು ಜಾಗ್ರತೆ ಮಾಡಿದರೂ ಪುಟ್ಟಿಗೆ ಹೊಟ್ಟೆನೋವು ಬರುತ್ತಲೇ ಇತ್ತು. ಕಡೆಗೆ ಕಣ್ಣಿಗೆ ಬಿದ್ದದ್ದು ಸಾರಿನ ಒಗ್ಗರಣೆಯ ಇಂಗು. ಕೂಟು ಇಂಗಿನಲ್ಲಿ ಮೈದಾ ಬೆರೆಸುವುದು ಮಾಮೂಲು, ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಓದುವವರು ಕಡಿಮೆ.

ಹೊಸ ಟಿನ್ನನ್ನು ಚಿಕ್ಕಪೇಟೆಯ ಪಾತ್ರೆ ಅಂಗಡಿಯಿಂದ ತಂದೆ. ಏಳು ಇಂಚು, ಪಕ್ಕದ ಕೊಂಡಿ ಬಿಚ್ಚಿದರೆ ತಳ ಬೇರೆಯಾಗುವಂಥದ್ದು. ಈ ಕೇಕನ್ನು ಮಗುಚಿ ತೆಗೆಯಲಾಗುವುದಿಲ್ಲ, ಮೇಲ್ಪದರ ನುಚ್ಚಾಗುತ್ತದೆ. ಟಿನ್ನಿಗೆ ಹಿಟ್ಟಿನ ಬದಲು ಕೋಕೋ ಪುಡಿ ಉದುರಿಸಿದರಾಯಿತು.

ನಾಲ್ಕನೇ ಭಾನುವಾರ

ಬೆಳಿಗ್ಗೆ ಏಳಕ್ಕೆ ಮೊಟ್ಟೆಯನ್ನು ಫ್ರಿಜ್ಜಿನಿಂದ ತೆಗೆದು, ತಣ್ಣಗಿದ್ದಾಗಲೇ ಬಿಳಿ ಹಳದಿ ಬೇರೆ ಮಾಡಿದೆ. ತಣ್ಣಗಿದ್ದಾಗ ಹಳದಿಯ ಪೊರೆ ಗಟ್ಟಿ, ಒಡೆಯುವುದಿಲ್ಲ. ಕಡೆಯುವಾಗ ಮಾತ್ರ ಬಿಳಿ ಕೋಣೆಯ ಬಿಸಿಗೆ ಬಂದಿರಬೇಕು, ಆದ್ದರಿಂದ ಒಂದು ಗಂಟೆ ಮುಚ್ಚಿಟ್ಟೆ. ಬಿಳಿ 132, ಹಳದಿ 68, ಒಟ್ಟು 200 ಗ್ರಾಂ. ಚಾಕೊಲೇಟು 160, ಬೆಣ್ಣೆ 100, ಸಕ್ಕರೆ ಪುಡಿ 110, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು.

ಓಟಿಜಿಯ ಗುಂಡಿ 155ಕ್ಕೆ, ಎರಡೂ ಕಂಬಿ ಹಚ್ಚಿ ಇಪ್ಪತ್ತು ನಿಮಿಷ ಕಾಯಿಸಿದೆ. ಥರ್ಮಾಮೀಟರ್ 175ರಲ್ಲಿ ನಿಂತಿತು. ತಂತಿ ತಟ್ಟೆ ಎಲ್ಲಕ್ಕಿಂತ ಕೆಳಗಿನ ಹಲ್ಲಿನಲ್ಲಿ.

ಚಾಕೊಲೇಟು ಬೆಣ್ಣೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಕೆಳಗಿಳಿಸಿದೆ. ಜನವರಿಯ ಬೆಳಗು, ಯುಟಿಲಿಟಿಯಲ್ಲಿ 19 ಡಿಗ್ರಿ ಇತ್ತು. ಇಲ್ಲಿ ಗಮನ ಬೇಕು. ಚಾಕೊಲೇಟು ಸುಡುಸುಡು ಇದ್ದರೆ ಹಳದಿ ಬೆಂದು ಗಂಟಾಗುತ್ತದೆ, ತೀರಾ ಆರಿದರೆ ಹಲ್ವಾದ ಹಾಗೆ ಬಿಗಿದುಕೊಂಡು ನೊರೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 38 ಡಿಗ್ರಿಯ ಸುತ್ತಮುತ್ತ ಇರಬೇಕು, ಬೆರಳು ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸುವ ಹಾಗೆ. ಹಳದಿಯನ್ನು 50 ಗ್ರಾಂ ಸಕ್ಕರೆಯ ಜೊತೆ ಬಣ್ಣ ತಿಳಿಯಾಗುವವರೆಗೆ ಕಡೆದು ಚಾಕೊಲೇಟಿಗೆ ಸೇರಿಸಿದೆ. ಬಟ್ಟಲನ್ನು ಬೆಚ್ಚಗಿನ ನೀರಿನ ಮೇಲೆಯೇ ಇಟ್ಟಿದ್ದೆ.

ಬಿಳಿ ಕಡೆಯುವ ಸ್ಟೀಲ್ ಪಾತ್ರೆಯನ್ನು ನಿಂಬೆಹೋಳಿನಿಂದ ಉಜ್ಜಿ ಒರೆಸಿದೆ. ಜಿಡ್ಡಿನ ಒಂದು ತೊಟ್ಟು ಇದ್ದರೂ ನೊರೆ ಏಳುವುದಿಲ್ಲ, ಪ್ಲಾಸ್ಟಿಕ್ ಪಾತ್ರೆ ಅದಕ್ಕೇ ಬೇಡ. ನಾಲ್ಕು ಹನಿ ನಿಂಬೆರಸ, ಉಪ್ಪು ಹಾಕಿ ಬೀಟರ್ ಮೆಲ್ಲಗೆ ಶುರು ಮಾಡಿದೆ. ಮೊದಲು ಸೋಪಿನ ನೊರೆಯಂಥ ದೊಡ್ಡ ಗುಳ್ಳೆ, ಆಮೇಲೆ ಬೆಳ್ಳಗೆ ಸಣ್ಣ ಗುಳ್ಳೆ. ಬೀಟರಿನ ಗೆರೆ ಉಳಿಯಲು ಶುರುವಾದಾಗ ಉಳಿದ 60 ಗ್ರಾಂ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಿದೆ. ಸಕ್ಕರೆ ಬಿಳಿಯ ನೀರಿನಲ್ಲಿ ಕರಗಿ ಪಾಕವಾಗಿ ಪೊರೆಯನ್ನು ದಪ್ಪ ಮಾಡುತ್ತದೆ, ನೀರು ಬೇಗ ಇಳಿಯುವುದಿಲ್ಲ. ಎರಡು ಬೆರಳ ನಡುವೆ ಉಜ್ಜಿದರೆ ಹರಳು ಸಿಗಬಾರದು. ಕೊಕ್ಕು ಬಾಗಿತು, ಮೇಲ್ಮೈ ಒದ್ದೆ ಹೊಳಪು ಇತ್ತು. ನಿಲ್ಲಿಸಿದೆ. ಆ ಹೊಳಪು ಹೋಗಿ ಹತ್ತಿಯ ಹಾಗೆ ಕಂಡಿತೋ, ಎರಡನೇ ಭಾನುವಾರದ ಕೇಕೇ ಮತ್ತೆ.

ನೊರೆಯ ಕಾಲು ಭಾಗವನ್ನು ಮೊದಲು ಚಾಕೊಲೇಟಿಗೆ ಹಾಕಿ ಯಾವ ನಾಜೂಕೂ ಇಲ್ಲದೆ ಕಲಕಿದೆ. ಆ ಪಾಲು ತ್ಯಾಗ, ಚಾಕೊಲೇಟನ್ನು ಸಡಿಲ ಮಾಡುವುದಕ್ಕೆ ಮಾತ್ರ. ಉಳಿದದ್ದನ್ನು ಎರಡು ಸಲ, ಸೌಟಿನ ಅಂಚಿನಿಂದ ನಡುವೆ ಸೀಳಿ, ತಳದಿಂದ ಎತ್ತಿ ಮಗುಚಿ, ಪಾತ್ರೆ ಒಂದಿಷ್ಟು ತಿರುಗಿಸಿ, ಮತ್ತೆ ಸೀಳಿ. ಸುಮಾರು ನಲವತ್ತು ಸಲ. ಬಿಳಿ ಗೆರೆ ಕೊನೆಯದು ಮಾಯವಾದ ತಕ್ಷಣ ಕೈ ತೆಗೆದೆ. ದೋಸೆ ಹಿಟ್ಟು ಹುದುಗು ಬಂದಾಗ ಸೌಟಿನಿಂದ ಬೀಳುವ ಹಾಗೆ, ಹರಿಯದೆ, ಮಡಿಕೆ ಮಡಿಕೆಯಾಗಿ ಟಿನ್ನಿಗೆ ಬಿತ್ತು. ತಡಮಾಡದೆ ಒಲೆಗೆ.

ಇಪ್ಪತ್ತು ನಿಮಿಷಕ್ಕೆ ಅಂಚಿಗಿಂತ ಒಂದು ಬೆರಳಷ್ಟೇ ಮೇಲೆ. ಇಪ್ಪತ್ತೆಂಟಕ್ಕೆ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು. ಮೂವತ್ತಮೂರಕ್ಕೆ ಟಿನ್ನನ್ನು ಮೆಲ್ಲಗೆ ತಟ್ಟಿದಾಗ ಅಂಚು ಅಲ್ಲಾಡಲಿಲ್ಲ, ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ನಡುಗಿತು. ಥರ್ಮಾಮೀಟರ್ ಕಡ್ಡಿ ಚುಚ್ಚಿದೆ: 88 ಡಿಗ್ರಿ. ಬೆಂಕಿಕಡ್ಡಿ ಗಾತ್ರದ ಕಡ್ಡಿ ಚುಚ್ಚಿ ನೋಡುವವರಿಗೆ ಒಂದು ಮಾತು: ಈ ಕೇಕಿನಲ್ಲಿ ಕಡ್ಡಿ ಸ್ವಚ್ಛವಾಗಿ ಬಂದರೆ ಹೊತ್ತು ಮೀರಿದೆ ಅಂತ ಅರ್ಥ. ಒದ್ದೆ ನುಚ್ಚು ಅಂಟಿರಬೇಕು, ಹರಿಯುವ ಹಿಟ್ಟು ಅಂಟಿರಬಾರದು.

ಒಲೆ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಹತ್ತು ನಿಮಿಷ ಅಲ್ಲೇ ಬಿಟ್ಟೆ. ಆಮೇಲೆ ಕೇಕು ಇಳಿಯಿತು. ಇಳಿಯಲೇಬೇಕು, ಒಳಗಿನ ಗಾಳಿ ಆವಿ ತಣ್ಣಗಾಗಿ ಕುಗ್ಗುವಾಗ ತಡೆದು ನಿಲ್ಲಿಸುವ ಪಿಷ್ಟ ಇಲ್ಲ. ವ್ಯತ್ಯಾಸ ಇರುವುದು ಇಳಿಯುವ ರೀತಿಯಲ್ಲಿ. ಎರಡನೇ ವಾರದ್ದು ಬಾವಿಯ ಹಾಗೆ ಕುಸಿದಿತ್ತು. ಇದು ಸುತ್ತಲೂ ಒಂದೇ ಸಮ ಇಳಿದು, ಅಂಚು ಕೋಟೆಯ ಹಾಗೆ ನಿಂತು, ನಡುವೆ ಆಳವಿಲ್ಲದ ತಟ್ಟೆ ಆಯಿತು. 6 ಸೆಂಟಿಮೀಟರ್ ಇದ್ದದ್ದು 4ಕ್ಕೆ ಬಂತು. ಆ ತಟ್ಟೆಯೊಳಗೆ ಕೆನೆ ತುಂಬಿದರೆ ಕೇಕು ಹಾಗೇ ಹುಟ್ಟಿದ ಹಾಗೆ ಕಾಣುತ್ತದೆ.

ಶೇಕಡ 70ರ ಚಾಕೊಲೇಟು ಹಾಕುವವರು ಇದೇ ಲೆಕ್ಕ ಬಳಸಿದರೆ ಕೇಕು ಒಣಗುತ್ತದೆ, ಕೋಕೋ ಹೆಚ್ಚು ನೀರು ಕುಡಿಯುತ್ತದೆ. ಮೊಟ್ಟೆ 100ಕ್ಕೆ ಚಾಕೊಲೇಟನ್ನು 70ಕ್ಕೆ ಇಳಿಸಿ ಸಕ್ಕರೆಯನ್ನು 65ಕ್ಕೆ ಏರಿಸಿದರೆ ಸರಿಹೋಗುತ್ತದೆ. ಎರಡು ಬಟ್ಟಲಿನಲ್ಲಿ ಮಾಡಿ ನೋಡಿಯೇ ಬರೆದಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಮಾಡುವುದಾದರೆ ಕೇಕನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸುವುದು ಒಳ್ಳೆಯದು.

ಸಂಜೆ ಅಕ್ಕನ ಮನೆಯಲ್ಲಿ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಪುಟ್ಟಿಯೇ ಕತ್ತರಿಸಿದಳು. ಮೇಲಿನ ತೊಗಟೆ ಹಪ್ಪಳದ ಹಾಗೆ ಚಟ್ ಅಂದಿತು, ಒಳಗೆ ಚಾಕು ಸದ್ದಿಲ್ಲದೆ ಇಳಿಯಿತು. ಮೊದಲ ತುಂಡು ಅಮ್ಮನಿಗೆ ಕೊಡಲು ಹೋದಳು. ಅಮ್ಮ ತಲೆ ನೇವರಿಸಿ "ನೀನ್ ತಿನ್ನು ಕಂದ, ನಾನ್ ನೋಡ್ತೀನಿ" ಅಂದರು. ಅವಳು ಎರಡು ತುಂಡು ತಿಂದಳು. ಮಾರನೇ ದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಮೊದಲು ಕೇಳಿದ್ದು ಹೊಟ್ಟೆಯ ವಿಷಯ. ಏನೂ ಆಗಿಲ್ಲ, ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಶಾಲೆಗೆ ಹೋಗಿದ್ದಾಳೆ ಅಂದಳು. ಹೊಸ ಟಿನ್ನು ಅಕ್ಕನ ಮನೆಯಲ್ಲೇ ಇದೆ. ತಳದಲ್ಲಿ ಅವಳು ಕಪ್ಪು ಮಾರ್ಕರಿನಿಂದ ಪುಟ್ಟಿಯ ಹೆಸರು ಬರೆದಿಟ್ಟಿದ್ದಾಳೆ.